ಸಂಬಳ ನಿಂತ ಖಾತೆಗೆ ಬಿದ್ದ ದಂಡ: ವಾಪಸು ಕೇಳುವಾಗ ತಾರೀಖು ಕೇಳಿ

ನನ್ನ ತಂಗಿ ಪೀಣ್ಯದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. 2023ರ ಡಿಸೆಂಬರಿನಲ್ಲಿ ಕೆಲಸ ಬಿಟ್ಟು ದಾವಣಗೆರೆಗೆ ಮರಳಿದಳು. ಜನವರಿಯಲ್ಲಿ ಕೊನೆಯ ಲೆಕ್ಕ ಚುಕ್ತಾ ಆಗಿ ಹಣ ಬಂತು. ಅದರಲ್ಲಿ ಬೇಕಾದಷ್ಟು ತೆಗೆದುಕೊಂಡು, 6,200 ರೂಪಾಯಿಯನ್ನು ಅದೇ ಸಂಬಳದ ಖಾತೆಯಲ್ಲಿ ಬಿಟ್ಟಳು. ಝೀರೋ ಬ್ಯಾಲೆನ್ಸ್ ಖಾತೆ, ಇದ್ದರೆ ಇರಲಿ ಎಂದುಕೊಂಡಿದ್ದಳು. ಆಗಸ್ಟಿನಲ್ಲಿ ಮಗಳ ಸ್ಕೂಲ್ ಬಸ್ಸಿನ ಫೀಸು ಕಟ್ಟಲು ಆ ಖಾತೆ ತೆರೆದು ನೋಡಿದರೆ ಇದ್ದದ್ದು 5,337 ರೂಪಾಯಿ. 'ಅಣ್ಣಾ, ನಾನು ಒಂದು ರೂಪಾಯಿ ಕೂಡ ತೆಗೆದಿಲ್ಲ, ದುಡ್ಡು ಎಲ್ಲಿಗೆ ಹೋಯ್ತು?' ಎಂದು ಫೋನ್ ಮಾಡಿದಳು.

ದುಡ್ಡು ಹೋದದ್ದು ಮಿನಿಮಮ್ ಬ್ಯಾಲೆನ್ಸ್ ದಂಡಕ್ಕೆ. ಅದರಲ್ಲಿ ಹೆಚ್ಚಿನ ಪಾಲನ್ನು ಅವಳು ವಾಪಸು ಪಡೆದಳು. ಪೂರ್ತಿ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಯಾವ ವಾದ ಬ್ಯಾಂಕಿನಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಅವಳ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸಂಬಳದ ಖಾತೆ ಎಂಬುದು ಬೇರೆಯದೇ ಜಾತಿಯ ಖಾತೆಯಲ್ಲ. ಅದೂ ಉಳಿತಾಯ ಖಾತೆಯೇ. ಕಂಪನಿಗೂ ಬ್ಯಾಂಕಿಗೂ ಇರುವ ಒಪ್ಪಂದದ ಮೇಲೆ ಕನಿಷ್ಠ ಮೊತ್ತದ ಷರತ್ತನ್ನು ಅದಕ್ಕೆ ಬಿಟ್ಟುಕೊಟ್ಟಿರುತ್ತಾರೆ, ಅಷ್ಟೇ. ಸಂಬಳ ಬರುವುದು ನಿಂತು ಕೆಲವು ತಿಂಗಳಾದರೆ ಆ ರಿಯಾಯಿತಿಯೂ ನಿಲ್ಲುತ್ತದೆ. ಸಾಮಾನ್ಯವಾಗಿ ಸತತ 3 ತಿಂಗಳು ಸಂಬಳ ಜಮಾ ಆಗದಿದ್ದರೆ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿ ಬದಲಾಗುತ್ತದೆ. ಖಾತೆಯ ಸಂಖ್ಯೆ ಅದೇ, ಎಟಿಎಂ ಕಾರ್ಡೂ ಅದೇ. ಹಾಗಾಗಿ ಬದಲಾದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಬಿಟ್ಟ ಮೇಲೆ ಒಮ್ಮೆ ನೆಟ್ ಬ್ಯಾಂಕಿಂಗ್‌ನಲ್ಲೋ ಸ್ಟೇಟ್‌ಮೆಂಟಿನ ತಲೆಭಾಗದಲ್ಲೋ ಖಾತೆಯ ಬಗೆ ಏನೆಂದು ಬರೆದಿದೆ ನೋಡಿ. ಸ್ಯಾಲರಿ ಎಂಬ ಪದ ಅಲ್ಲಿಂದ ಹೋಗಿದ್ದರೆ ಷರತ್ತು ಬದಲಾಗಿದೆ ಎಂದೇ ಅರ್ಥ.

ತಂಗಿಯ ಖಾತೆ ಬದಲಾದದ್ದು 2024ರ ಮೇ 1ರಂದು. ಅಲ್ಲಿಂದ ತಿಂಗಳ ಸರಾಸರಿ 10,000 ರೂಪಾಯಿ ಇರಬೇಕಿತ್ತು. ಸರಾಸರಿ ಎಂದರೆ ಪ್ರತಿದಿನ ರಾತ್ರಿ ಖಾತೆಯಲ್ಲಿ ಉಳಿದ ಮೊತ್ತಗಳನ್ನೆಲ್ಲ ಕೂಡಿ, ತಿಂಗಳ ದಿನಗಳಿಂದ ಭಾಗಿಸಿದರೆ ಬರುವ ಮೊತ್ತ. ಒಂದು ದಿನ ಕಡಿಮೆಯಾದರೆ ದಂಡ ಬೀಳುವುದಿಲ್ಲ, ತಿಂಗಳ ಕೊನೆಯ ದಿನ ಮಾತ್ರ 10,000 ಇಟ್ಟರೆ ದಂಡ ತಪ್ಪುವುದೂ ಇಲ್ಲ. ಅವಳ ಬ್ಯಾಂಕಿನ ದರಪಟ್ಟಿಯಲ್ಲಿ ದಂಡ ಹೀಗಿತ್ತು: ಕೊರತೆಯ ಶೇ 6 ಅಥವಾ 600 ರೂಪಾಯಿ, ಯಾವುದು ಕಡಿಮೆಯೋ ಅದು. ಅದರ ಮೇಲೆ ಶೇ 18 ಜಿಎಸ್‌ಟಿ.

ಮೇ ತಿಂಗಳ ಸರಾಸರಿ 6,200. ಕೊರತೆ 3,800. ಅದರ ಶೇ 6 ಎಂದರೆ 228, ತೆರಿಗೆ 41 ಸೇರಿ 269 ರೂಪಾಯಿ. ಇದನ್ನು ಜೂನ್ 3ರಂದು ಮುರಿದುಕೊಂಡರು. ಹಾಗೆ ಮುರಿದುಕೊಂಡದ್ದರಿಂದಲೇ ಜೂನ್ ತಿಂಗಳ ಸರಾಸರಿ 5,949ಕ್ಕೆ ಇಳಿಯಿತು, ಕೊರತೆ ಹಿಗ್ಗಿತು, ಜುಲೈ 3ರಂದು 287 ರೂಪಾಯಿ ಹೋಯಿತು. ಆಗಸ್ಟ್ 3ರಂದು 307. ಮೂರೂ ಸೇರಿ 863 ರೂಪಾಯಿ. (ಬಡ್ಡಿಯ ಪುಡಿಗಾಸನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಅವಳು ಖಾತೆಯನ್ನು ಮುಟ್ಟದಿದ್ದರೂ ದಂಡ ತಿಂಗಳಿಂದ ತಿಂಗಳಿಗೆ ಬೆಳೆಯಿತು. ಒಂದು ತಿಂಗಳ ದಂಡವೇ ಮುಂದಿನ ತಿಂಗಳ ಕೊರತೆಯನ್ನು ಹೆಚ್ಚಿಸುತ್ತದೆ. ಈ ಮಾತನ್ನು ನೆನಪಿಡಿ, ಕೊನೆಗೆ ಇದೇ ಕೆಲಸಕ್ಕೆ ಬಂತು.

ಬ್ಯಾಂಕಿಗೆ ಹೋದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಇದು ಸ್ಯಾಲರಿ ಅಕೌಂಟ್, ಇದಕ್ಕೆ ದಂಡ ಹಾಕುವ ಹಾಗಿಲ್ಲ.' ತಂಗಿಯೂ ಮೊದಲ ಸಲ ಅದನ್ನೇ ಹೇಳಿದಳು. ಕೌಂಟರಿನಲ್ಲಿದ್ದವರು ಅವಳದೇ ಸಹಿ ಇದ್ದ ಅರ್ಜಿ ತೋರಿಸಿದರು. ಸಂಬಳ ನಿಂತರೆ ಖಾತೆ ತಾನಾಗಿ ಬದಲಾಗುತ್ತದೆ, ಆಗ ಮಾಮೂಲಿ ಷರತ್ತುಗಳು ಅನ್ವಯಿಸುತ್ತವೆ ಎಂಬ ಸಾಲು ಅದರ ಸಣ್ಣಕ್ಷರಗಳಲ್ಲಿತ್ತು. ಅಂಥ ಸಾಲು ನಿಮ್ಮ ಅರ್ಜಿಯಲ್ಲೂ ಇರುವ ಸಂಭವವೇ ಹೆಚ್ಚು. ಖಾತೆ ಬದಲಾದದ್ದೇ ತಪ್ಪು ಎಂದು ಹೊರಟರೆ ಅಲ್ಲಿಗೇ ಸೋಲುತ್ತೀರಿ.

ಬದಲಾವಣೆಯನ್ನು ಒಪ್ಪಿಕೊಂಡು, ದಂಡ ಹಾಕಿದ ಕ್ರಮ ಸರಿಯಿತ್ತೇ ಎಂದು ಕೇಳಬೇಕು. ರಿಸರ್ವ್ ಬ್ಯಾಂಕು 2014ರ ನವೆಂಬರ್ 20ರಂದು ಇದಕ್ಕೆಂದೇ ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಖಾತೆಯಲ್ಲಿ ಕನಿಷ್ಠ ಮೊತ್ತ ಕಡಿಮೆಯಾದರೆ ಬ್ಯಾಂಕು ನೇರವಾಗಿ ದಂಡ ಹಾಕುವಂತಿಲ್ಲ ಎನ್ನುತ್ತದೆ ಅದು. ಮೊದಲು ಎಸ್ಸೆಮ್ಮೆಸ್ಸಿನಲ್ಲೋ ಇಮೇಲಿನಲ್ಲೋ ಪತ್ರದಲ್ಲೋ ಗ್ರಾಹಕರಿಗೆ ತಿಳಿಸಬೇಕು: ಇಂದಿನಿಂದ ಒಂದು ತಿಂಗಳೊಳಗೆ ಮೊತ್ತ ಸರಿಪಡಿಸದಿದ್ದರೆ ದಂಡ ಬೀಳುತ್ತದೆ ಎಂದು. ಆ ನೋಟಿಸಿನ ತಾರೀಖಿನಿಂದ ಕನಿಷ್ಠ ಒಂದು ತಿಂಗಳು ಕಾಯಬೇಕು. ಆಮೇಲೂ ಸರಿಯಾಗದಿದ್ದರೆ ಮಾತ್ರ ದಂಡ, ಅದೂ ಗ್ರಾಹಕರಿಗೆ ತಿಳಿಸಿ. ದಂಡ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ನೂರು ರೂಪಾಯಿ ಕಡಿಮೆಯಾದವರಿಗೂ ಒಂಬತ್ತು ಸಾವಿರ ಕಡಿಮೆಯಾದವರಿಗೂ ಒಂದೇ ದಂಡ ಸಲ್ಲದು. ಜೊತೆಗೆ, ಈ ದಂಡವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು.

ದುಡ್ಡು ವಾಪಸು ಬರುವುದು ಬಹುತೇಕ ನೋಟಿಸಿನ ಪ್ರಶ್ನೆಯ ಮೇಲೆಯೇ. ಇಲ್ಲಿ ಜನ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. 'ಮೆಸೇಜು ಬಂದಿತ್ತಲ್ಲ' ಎಂದು ಬ್ಯಾಂಕಿನವರು ಹೇಳಿದಾಗ, ಬಂದಿತ್ತು ಎಂದು ಒಪ್ಪಿಕೊಂಡು ಎದ್ದು ಬರುತ್ತಾರೆ. ಯಾವ ಮೆಸೇಜು ಎಂದು ನೋಡಬೇಕು. ನಿಮ್ಮ ಖಾತೆಯಿಂದ ಇಷ್ಟು ಹಣ ಕಡಿತವಾಗಿದೆ ಎಂಬುದು ದಂಡ ಹಾಕಿದ ಸುದ್ದಿ. ಅದು ನೋಟಿಸಲ್ಲ. ನೋಟಿಸು ಎಂದರೆ ದಂಡಕ್ಕಿಂತ ಒಂದು ತಿಂಗಳು ಮೊದಲೇ ಬಂದ ಎಚ್ಚರಿಕೆ. ಈ ಎರಡರ ವ್ಯತ್ಯಾಸವೇ ಇಡೀ ಅರ್ಜಿಯ ಜೀವಾಳ.

ಆದ್ದರಿಂದ ಬ್ಯಾಂಕಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಕೊನೆಯ ಸಂಬಳ ಜಮಾ ಆದ ತಿಂಗಳಿನಿಂದ ಇಂದಿನವರೆಗಿನ ಸ್ಟೇಟ್‌ಮೆಂಟ್ ತೆಗೆದುಕೊಂಡು, ಕೊನೆಯ ಸಂಬಳದ ದಿನವನ್ನೂ ಪ್ರತಿ ದಂಡದ ದಿನವನ್ನೂ ಗುರುತು ಹಾಕಿಕೊಳ್ಳಿ. ದಂಡದ ಸಾಲಿನಲ್ಲಿ ಸಾಮಾನ್ಯವಾಗಿ AMB, MAB ಅಥವಾ Min Bal ಎಂಬ ಅಕ್ಷರಗಳಿರುತ್ತವೆ. ಜಿಎಸ್‌ಟಿ ಕೆಲವೆಡೆ ಅದರಲ್ಲೇ ಸೇರಿರುತ್ತದೆ, ಕೆಲವೆಡೆ ಕೆಳಗೆ ಬೇರೆ ಸಾಲಾಗಿರುತ್ತದೆ. ಎರಡನೆಯದಾಗಿ, ಆ ಅವಧಿಯಲ್ಲಿ ಬ್ಯಾಂಕಿನಿಂದ ಬಂದ ಮೆಸೇಜುಗಳನ್ನೂ ಇಮೇಲುಗಳನ್ನೂ ಹುಡುಕಿ. ಸ್ಪ್ಯಾಮ್ ಪೆಟ್ಟಿಗೆಯನ್ನೂ ಬಿಡಬೇಡಿ. ಎಚ್ಚರಿಕೆ ಸಿಕ್ಕರೆ ಅದರ ತಾರೀಖು ಬರೆದಿಟ್ಟುಕೊಳ್ಳಿ. ಸಿಕ್ಕಿದ್ದನ್ನು ಸಿಕ್ಕಿಲ್ಲ ಎಂದು ಬರೆಯಬೇಡಿ. ಕಳಿಸಿದ ದಾಖಲೆ ಬ್ಯಾಂಕಿನ ಬಳಿ ಇರುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜಕ್ಕೂ ಬೆಲೆ ಇರುವುದಿಲ್ಲ.

ಇನ್ನೊಂದು ಎಚ್ಚರ. ಇದು ಇತ್ಯರ್ಥವಾಗುವ ತನಕ ಆ ಖಾತೆಗೆ ಹೊಸ ಹಣ ಹಾಕಬೇಡಿ. ಖಾತೆ ಬರಿದಾಗಿದ್ದಾಗ ವಸೂಲಾಗದ ದಂಡವನ್ನು ಬಾಕಿ ಎಂದು ತೋರಿಸಿ, ಹಣ ಬಂದ ಕೂಡಲೇ ಮುರಿದುಕೊಳ್ಳುವುದುಂಟು. ಆ್ಯಪಿನಲ್ಲಿ ಬ್ಯಾಲೆನ್ಸಿನ ಮುಂದೆ ಮೈನಸ್ ಗುರುತು ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದು ದಂಡದಿಂದಲೇ ಬಂದ ಮೈನಸ್ ಆಗಿದ್ದರೆ ಸುತ್ತೋಲೆಗೆ ವಿರುದ್ಧ. ಸಿಟ್ಟಿನಲ್ಲಿ ಖಾತೆ ಮುಚ್ಚಿಸಲೂ ಹೋಗಬೇಡಿ. ವಾಪಸು ಬರುವ ಹಣ ಜಮಾ ಆಗಬೇಕಾದದ್ದು ಅದೇ ಖಾತೆಗೆ.

ಈಗ ಅರ್ಜಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ, ಮುಂದೆ ದೂರು ಕೊಡಬೇಕಾದಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಶಾಖೆಯಲ್ಲಿ ಕೊಟ್ಟರೆ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಇಮೇಲ್ ಅಥವಾ ಆ್ಯಪ್ ಮೂಲಕವಾದರೆ ದೂರಿನ ಸಂಖ್ಯೆಯನ್ನು ಜೋಪಾನವಾಗಿಡಿ. ತಂಗಿ ಎರಡನೆಯ ಸಲ ಶಾಖೆಗೆ ಹೋದಾಗ ಕೊಟ್ಟ ಅರ್ಜಿ ಹೆಚ್ಚುಕಡಿಮೆ ಹೀಗಿತ್ತು:

ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಕನಿಷ್ಠ ಸರಾಸರಿ ಮೊತ್ತ ಇಲ್ಲದ್ದಕ್ಕೆ ಕಡಿತ ಮಾಡಿದ ದಂಡದ ಮರುಪಾವತಿ, ಖಾತೆ ಸಂಖ್ಯೆ (ಕೊನೆಯ ನಾಲ್ಕು ಅಂಕಿ).

ಮಾನ್ಯರೇ, ಈ ಖಾತೆಯನ್ನು ಸಂಬಳದ ಖಾತೆಯಾಗಿ ತೆರೆಯಲಾಗಿತ್ತು. ಕೊನೆಯ ಜಮೆ ಜನವರಿ 2024ರಲ್ಲಿ ಆಗಿದೆ. ನಂತರ ಇದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿ, ಜೂನ್ 3, ಜುಲೈ 3 ಮತ್ತು ಆಗಸ್ಟ್ 3ರಂದು ಕ್ರಮವಾಗಿ 269, 287 ಮತ್ತು 307 ರೂಪಾಯಿಗಳನ್ನು ಜಿಎಸ್‌ಟಿ ಸಹಿತ ಕಡಿತ ಮಾಡಲಾಗಿದೆ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆ ಹಾಗೂ ಅದರ ನಂತರದ ನಿರ್ದೇಶನಗಳ ಪ್ರಕಾರ ದಂಡಕ್ಕೆ ಮೊದಲು ಕನಿಷ್ಠ ಒಂದು ತಿಂಗಳ ನೋಟಿಸು ಕೊಡಬೇಕು. ದಯವಿಟ್ಟು ಈ ಮಾಹಿತಿಯನ್ನು ಲಿಖಿತವಾಗಿ ನೀಡಿ: ಖಾತೆಯನ್ನು ಬದಲಿಸಿದ ದಿನಾಂಕ, ಅದನ್ನು ನನಗೆ ತಿಳಿಸಿದ ದಿನಾಂಕ, ಕೊರತೆಯ ನೋಟಿಸು ಕಳಿಸಿದ ದಿನಾಂಕ, ಕಳಿಸಿದ ಮೊಬೈಲ್ ಸಂಖ್ಯೆ ಅಥವಾ ಇಮೇಲ್, ಮತ್ತು ಪ್ರತಿ ತಿಂಗಳ ದಂಡದ ಲೆಕ್ಕ. ನೋಟಿಸಿಗೆ ಮೊದಲು, ಅಥವಾ ನೋಟಿಸಿನಿಂದ ಒಂದು ತಿಂಗಳೊಳಗೆ ಕಡಿತವಾದ ಮೊತ್ತವನ್ನು ಜಿಎಸ್‌ಟಿ ಸಹಿತ ಇದೇ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ.

ಅರ್ಜಿಯಲ್ಲಿ ಕೋಪವೂ ಇಲ್ಲ, ಕಷ್ಟದ ಕಥೆಯೂ ಇಲ್ಲ. ಇರುವುದು ತಾರೀಖುಗಳು, ಮತ್ತು ತಾರೀಖು ಕೊಡಿ ಎಂಬ ಬೇಡಿಕೆ. ಕಷ್ಟ ಹೇಳಿಕೊಂಡರೆ ಅದು ವಿನಂತಿಯಾಗುತ್ತದೆ, ಕೊಡುವುದು ಬಿಡುವುದು ಅವರ ಮನಸ್ಸು. ತಾರೀಖು ಕೇಳಿದರೆ ಅವರು ಕಡತ ತೆರೆಯಲೇಬೇಕು.

ಹತ್ತು ದಿನಕ್ಕೆ ಉತ್ತರ ಬಂತು. ಕೊರತೆಯ ಎಚ್ಚರಿಕೆಯ ಎಸ್ಸೆಮ್ಮೆಸ್ಸು ಜೂನ್ 28ರಂದು ಅವಳ ಮೊಬೈಲಿಗೆ ಹೋಗಿತ್ತು. ಹುಡುಕಿದರೆ ಫೋನಿನಲ್ಲೂ ಇತ್ತು, ಜಾಹೀರಾತಿನ ಮೆಸೇಜುಗಳ ನಡುವೆ ಓದದೆ ಉಳಿದಿತ್ತು. ಅದಕ್ಕಿಂತ ಮೊದಲಿನ ಯಾವ ನೋಟಿಸನ್ನೂ ಬ್ಯಾಂಕು ತೋರಿಸಲಿಲ್ಲ. ಹಾಗಾಗಿ ಒಂದು ತಿಂಗಳ ಗಡುವು ಮುಗಿದದ್ದು ಜುಲೈ 28ಕ್ಕೆ. ಜೂನ್ 3ರ ಮತ್ತು ಜುಲೈ 3ರ ದಂಡ ಎರಡೂ ಅದಕ್ಕಿಂತ ಮೊದಲಿನವು. ಆ 556 ರೂಪಾಯಿ ವಾಪಸು ಬಂತು. ಆಗಸ್ಟ್ 3ರ ದಂಡ ಗಡುವಿನ ನಂತರದ್ದು, ಅದು ನಿಂತಿತು. ನ್ಯಾಯವಾಗಿಯೇ ನಿಂತಿತು ಎಂದು ನಾನು ಒಪ್ಪುತ್ತೇನೆ. ಎಚ್ಚರಿಕೆ ಬಂದಿತ್ತು, ಅವಳು ನೋಡಿರಲಿಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿದಿರಲಿಲ್ಲ. ಮೊದಲ ಎರಡು ದಂಡಗಳನ್ನು ಹಾಕಬಾರದಿತ್ತು ಎಂದ ಮೇಲೆ, ಜುಲೈ ತಿಂಗಳಲ್ಲಿ ಖಾತೆಯಲ್ಲಿ 6,200 ಇರಬೇಕಿತ್ತು. ಆಗ ಕೊರತೆ 3,800 ಮಾತ್ರ, ದಂಡ 307 ಅಲ್ಲ, 269. ತಪ್ಪಾಗಿ ಮುರಿದುಕೊಂಡ ಹಣ ಕೊರತೆಯನ್ನು ಹಿಗ್ಗಿಸಿ, ಆ ಹಿಗ್ಗಿದ ಕೊರತೆಯ ಮೇಲೆ ದಂಡ ಬಿದ್ದಿತ್ತು. ಈ 38 ರೂಪಾಯಿಗೆ ಅವಳು ಮತ್ತೊಂದು ಇಮೇಲ್ ಬರೆದಳು, ಅದೂ ಬಂತು. ಒಟ್ಟು 594 ರೂಪಾಯಿ. 38 ರೂಪಾಯಿ ಯಾವ ಲೆಕ್ಕ ಎನ್ನಿಸಬಹುದು. ಆದರೆ ಎಂಟು ಹತ್ತು ತಿಂಗಳ ದಂಡ ಒಟ್ಟಾಗಿರುವ ಖಾತೆಗಳಲ್ಲಿ ಈ ಬಗೆಯ ವ್ಯತ್ಯಾಸ ನೂರಾರು ರೂಪಾಯಿ ಆಗುತ್ತದೆ, ಬ್ಯಾಂಕಿನವರು ತಾವಾಗಿ ಅದನ್ನು ಮತ್ತೆ ಲೆಕ್ಕ ಹಾಕುತ್ತಾರೆಂದು ನಂಬಿ ಕೂರಬಾರದು.

ನಿಮ್ಮ ಪ್ರಕರಣ ಹೀಗೆಯೇ ಇರಬೇಕೆಂದಿಲ್ಲ. ನೋಟಿಸು ಹಳೆಯ ಕಂಪನಿಯ ಇಮೇಲಿಗೆ ಹೋಗಿರಬಹುದು. ಕೆಲಸ ಬಿಟ್ಟ ದಿನವೇ ಆ ಇಮೇಲ್ ಮುಚ್ಚಿರುತ್ತದೆ. ಆದರೆ ವಿಳಾಸ, ಫೋನು ಬದಲಾದದ್ದನ್ನು ತಿಳಿಸುವ ಜವಾಬ್ದಾರಿ ನಮ್ಮದೇ ಆದ್ದರಿಂದ ಇಲ್ಲಿ ಹಕ್ಕಿನ ಮಾತು ಸಡಿಲವಾಗುತ್ತದೆ. ಮೊಬೈಲ್ ಸಂಖ್ಯೆ ಬ್ಯಾಂಕಿನಲ್ಲಿ ಸರಿಯಾಗಿ ಇದ್ದೂ ಕಂಪನಿಯ ಇಮೇಲಿಗೆ ಮಾತ್ರ ಕಳಿಸಿದ್ದರೆ ಅದನ್ನು ಬರೆಯಿರಿ, ಅದಕ್ಕೆ ತೂಕವಿದೆ. ಅದೂ ಇಲ್ಲದಿದ್ದರೆ ವಿನಂತಿಯ ದಾರಿಯೇ ಸರಿ. ವ್ಯವಸ್ಥಾಪಕರನ್ನು ಕಂಡು, ಈ ಖಾತೆಯನ್ನು ಮುಂದುವರಿಸುತ್ತೇನೆ ಅಥವಾ ಹೊಸ ಸಂಬಳವನ್ನು ಇಲ್ಲಿಗೇ ಹಾಕಿಸುತ್ತೇನೆ ಎಂದು ಹೇಳಬಲ್ಲಿರಾದರೆ ಒಂದೆರಡು ತಿಂಗಳ ದಂಡ ಬಿಟ್ಟುಕೊಡುವುದುಂಟು.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನೀವು ಆ ಖಾತೆಯಲ್ಲಿ ಯಾವ ವ್ಯವಹಾರವನ್ನೂ ಮಾಡಿಲ್ಲದೆ, ಬ್ಯಾಂಕು ಅದನ್ನು ನಿಷ್ಕ್ರಿಯ ಖಾತೆ ಎಂದು ಗುರುತಿಸಿದ್ದರೆ ನಿಮ್ಮ ವಾದ ಇನ್ನೂ ಗಟ್ಟಿ. ನಿಷ್ಕ್ರಿಯ ಖಾತೆಗೆ ಕನಿಷ್ಠ ಮೊತ್ತದ ದಂಡ ಹಾಕುವುದನ್ನು ರಿಸರ್ವ್ ಬ್ಯಾಂಕು 2014ರಲ್ಲೇ ನಿಲ್ಲಿಸಿದೆ. ಹಾಗೆ ಗುರುತಿಸಿದ ನಂತರದ ಪ್ರತಿ ದಂಡವನ್ನೂ ನೋಟಿಸಿನ ಪ್ರಶ್ನೆಯೇ ಇಲ್ಲದೆ ವಾಪಸು ಕೇಳಬಹುದು. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟಿವೆ. ಅದು ಮುಂದಿನ ದಿನಗಳಿಗೆ ಸಿಕ್ಕ ರಿಯಾಯಿತಿ. ಅದರ ಹಿಂದಿನ ದಂಡವನ್ನು ಅದರ ಆಧಾರದ ಮೇಲೆ ಕೇಳಲಾಗದು.

ಜಿಎಸ್‌ಟಿಯ ಬಗ್ಗೆ ಒಂದು ಮಾತು. ದಂಡ ವಾಪಸು ಬಂದು ತೆರಿಗೆ ಮಾತ್ರ ಬಾರದೆ ಉಳಿಯುವುದನ್ನು ನೋಡಿದ್ದೇನೆ. ಒಂದು ಆರ್ಥಿಕ ವರ್ಷದಲ್ಲಿ ಹಾಕಿದ ತೆರಿಗೆಯನ್ನು ಬ್ಯಾಂಕು ತನ್ನ ಲೆಕ್ಕದಲ್ಲಿ ತಗ್ಗಿಸಿಕೊಳ್ಳಲು, ಆ ವರ್ಷ ಮುಗಿದ ಮೇಲಿನ ನವೆಂಬರ್ 30ರ ಗಡುವಿದೆ. ಹಳೆಯ ದಂಡಕ್ಕೆ ತಡವಾಗಿ ಹೋದರೆ ತೆರಿಗೆ ಕೊಡಲಾಗದು ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ.

ಬ್ಯಾಂಕು ನಿರಾಕರಿಸಿದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ಅಥವಾ 30 ದಿನವಾದರೂ ಉತ್ತರವೇ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. cms.rbi.org.in ತಾಣದಲ್ಲಿ ದೂರು ಸಲ್ಲಿಸಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಾಗದದಲ್ಲೇ ಬರೆಯುವವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ವಿವರ ಕೇಳಲು 14448 ಸಂಖ್ಯೆಗೆ ಕರೆ ಮಾಡಬಹುದು. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟಿರದಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಸೀಲು ಹಾಕಿಸಿಕೊಂಡ ಆ ಪ್ರತಿ ಈಗ ಬೇಕಾಗುತ್ತದೆ. ಇದಕ್ಕೂ ಕಾಲಮಿತಿ ಇರುವುದರಿಂದ ಬ್ಯಾಂಕಿನ ಉತ್ತರ ಕೈಗೆ ಬಂದ ವಾರದಲ್ಲೇ ಹಾಕಿಬಿಡಿ. ದೂರಿನಲ್ಲಿ 10,000 ಕನಿಷ್ಠ ಮೊತ್ತ ವಿಪರೀತವಾಯಿತು ಎಂದು ಬರೆಯಬೇಡಿ. ಎಷ್ಟು ಇಡಬೇಕೆಂಬುದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಒಂಬುಡ್ಸ್‌ಮನ್ ಅದಕ್ಕೆ ಕೈಹಾಕುವುದಿಲ್ಲ. ಒಂದು ತಿಂಗಳ ನೋಟಿಸಿಲ್ಲದೆ ಈ ತಾರೀಖುಗಳಲ್ಲಿ ಇಷ್ಟು ದಂಡ ಹಾಕಿದ್ದಾರೆ ಎಂದಷ್ಟೇ ಬರೆದು, ಸ್ಟೇಟ್‌ಮೆಂಟ್ ಲಗತ್ತಿಸಿ.

ಹಣ ಬಂದ ಮೇಲೆ ಖಾತೆಯನ್ನು ಏನು ಮಾಡುವುದು? ಹಾಗೆಯೇ ಬಿಟ್ಟರೆ ಮುಂದಿನ ತಿಂಗಳಿಂದ ಮತ್ತೆ ದಂಡ, ಈ ಸಲ ನೋಟಿಸು ಬಂದಿಲ್ಲ ಎನ್ನುವಂತೆಯೂ ಇಲ್ಲ. ಇಟ್ಟುಕೊಳ್ಳುವ ಮನಸ್ಸಿದ್ದರೆ ಅದನ್ನು ಮೂಲಭೂತ ಉಳಿತಾಯ ಖಾತೆಯಾಗಿ ಬದಲಿಸಿಕೊಡಿ ಎಂದು ಅರ್ಜಿ ಕೊಡಬಹುದು. ಅದಕ್ಕೆ ಕನಿಷ್ಠ ಮೊತ್ತದ ಷರತ್ತಿಲ್ಲ. ಆದರೆ ಉಚಿತವಾಗಿ ಹಣ ತೆಗೆಯುವುದಕ್ಕೆ ತಿಂಗಳಿಗೆ ಇಷ್ಟು ಸಲ ಎಂಬ ಮಿತಿ ಇರುತ್ತದೆ, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ.

ತಂಗಿ ಮುಚ್ಚಿಸುವುದನ್ನೇ ಆರಿಸಿಕೊಂಡಳು. ಮುಚ್ಚಿಸುವ ಮುನ್ನ ಒಂದು ವಾರ ತಡೆದು ನೋಡು ಎಂದು ನಾನು ಹೇಳಿದ್ದೆ. ಅವಳ ಪಿಎಫ್ ಖಾತೆಗೆ ಜೋಡಣೆಯಾಗಿದ್ದದ್ದು ಇದೇ ಬ್ಯಾಂಕ್ ಖಾತೆ, ಹಿಂದಿನ ವರ್ಷದ ಆದಾಯ ತೆರಿಗೆ ರೀಫಂಡಿಗೆ ಕೊಟ್ಟಿದ್ದ ಖಾತೆಯೂ ಇದೇ. ಎರಡೂ ಕಡೆ ದಾವಣಗೆರೆಯ ಹೊಸ ಖಾತೆಯ ಸಂಖ್ಯೆ ನಮೂದಿಸಿ, ವಿಮೆಯ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನೂ ಅತ್ತ ಬದಲಿಸಿ, ಆಮೇಲೆ ಖಾತೆ ಮುಚ್ಚುವ ಅರ್ಜಿ ಕೊಟ್ಟಳು. ಮುಚ್ಚಿದ್ದಕ್ಕೆ ಬ್ಯಾಂಕಿನಿಂದ ಪತ್ರ ಪಡೆದು, ಕೊನೆಯ ಸ್ಟೇಟ್‌ಮೆಂಟಿನ ಜೊತೆ ಫೈಲಿಗೆ ಹಾಕಿದ್ದಾಳೆ.